ಇನ್ನು ಹತ್ತೊಂಬತ್ತು ದಿನ

ಡ್ರೆಸ್ಡೆನ್, ಜರ್ಮನಿ
23 ಆಗಸ್ಟ್, ಭಾನುವಾರ

ಪ್ರೀತಿಯ ಅಪ್ಪ, ಅವ್ವ,

ನಿಮ್ಮ ಪುಟ್ಟಿಯ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ನೀವೂ ತಮ್ಮನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಈ ಕಾಗದ ಯಾಕೆ ಅನ್ನಿಸಬಹುದು. ಫೋನಿನಲ್ಲಿ ಮಾತು ಪೂರ್ತಿ ಆಗುವುದೇ ಇಲ್ಲ. ಅಪ್ಪ "ಊಟ ಆಯ್ತಾ? ತಗೋ, ನಿಮ್ಮವ್ವಂಗೆ ಕೊಡ್ತೀನಿ" ಅನ್ನುತ್ತಾನೆ. ಅವ್ವ "ಓದೋದಿರುತ್ತೆ, ಇಡವ್ವ" ಅನ್ನುತ್ತಾಳೆ. ಹೇಳಬೇಕಾದ್ದು ನನ್ನ ಬಾಯಲ್ಲೇ ಉಳಿದುಬಿಡುತ್ತದೆ. ನನ್ನ ಗೆಳತಿಯೊಬ್ಬಳು ನಾಳೆ ಬೆಂಗಳೂರಿಗೆ ಹೊರಟಿದ್ದಾಳೆ. ಅಲ್ಲಿಂದ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತಾಳೆ. ನಿಮ್ಮ ಕೈ ಸೇರುವ ಹೊತ್ತಿಗೆ, ನಾನು ಊರಿಗೆ ಹೊರಡೋಕೆ ಉಳಿದಿರುವ ಹತ್ತೊಂಬತ್ತು ದಿನ ಹೋಗಿ ಹದಿನಾಲ್ಕೋ ಹದಿನೈದೋ ಆಗಿರುತ್ತದೆ.

ದಿನ ಎಣಿಸುವುದು ಹೇಗೆ ಗೊತ್ತಾ ಅವ್ವ? ರಾಗಿ ಹಿಟ್ಟಿನಲ್ಲಿ. ನೀನು ಕೊಟ್ಟು ಕಳಿಸಿದ್ದ ಹಿಟ್ಟನ್ನು ಒಂದೇ ಸಲಕ್ಕೆ ಮುಗಿಸಬಾರದು ಅಂತ ಭಾನುವಾರಕ್ಕೊಂದು ಮುದ್ದೆ ಅಂತ ಇಟ್ಟುಕೊಂಡಿದ್ದೆ. ಇಲ್ಲಿ ಮುದ್ದೆ ಕೋಲಿಲ್ಲ. ಮರದ ಸೌಟಿನ ಹಿಡಿಯಲ್ಲೇ ತಿರುವುತ್ತೇನೆ. ಕರೆಂಟ್ ಒಲೆ ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದಿಲ್ಲ. ಮೊದಮೊದಲು ಗಂಟು ಗಂಟಾಗುತ್ತಿತ್ತು. ಈಗ ನುಣ್ಣಗೆ ಬರುತ್ತದೆ. ಇವತ್ತು ಹುರುಳಿಕಾಳಿನ ಸಾರು ಮಾಡಿದ್ದೆ. ಉಂಡು ಡಬ್ಬಿ ನೋಡಿದೆ. ಸರಿಯಾಗಿ ಎರಡು ಮುದ್ದೆಗೆ ಆಗುವಷ್ಟು ಹಿಟ್ಟಿದೆ. ಮುಂದಿನ ಭಾನುವಾರ ಒಂದು, ಅದರ ಮುಂದಿನ ಭಾನುವಾರ ಒಂದು. ಮೂರನೇ ಭಾನುವಾರದ ಮುದ್ದೆ ನಿನ್ನ ಕೈಯದು.

ಅಪ್ಪ, ನಾಲೆಗೆ ನೀರು ಬಿಟ್ಟಿದ್ದಾರೆ ಅಂತ ಹೋದ ವಾರ ನೀನು ಹೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದ ತಕ್ಷಣ ಕನ್ನಂಬಾಡಿ ಕಟ್ಟೆಯ ಮಟ್ಟ ನೋಡುವುದು ಇಲ್ಲಿಗೆ ಬಂದ ಮೇಲೂ ಬಿಟ್ಟಿಲ್ಲ. 124.80 ಅಡಿಗೆ ಇನ್ನೆಷ್ಟು ಬೇಕು ಅಂತ ಲೆಕ್ಕ ಹಾಕಿಯೇ ಕ್ಲಾಸಿಗೆ ಹೋಗುವುದು. ಇಲ್ಲಿಯ ಎಲ್ಬೆ ಹೊಳೆ ಬೇಸಿಗೆಯ ಕೊನೆಗೆ ಬತ್ತಿ ದಡದ ಕಲ್ಲೆಲ್ಲ ಕಾಣುತ್ತವೆ. ಗಡಿಯಾಚೆ ಚೆಕ್ ದೇಶದ ದೆಚಿನ್ ಅನ್ನುವ ಊರಿಗೆ ಹೋದ ತಿಂಗಳು ನಮ್ಮನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಹೊಳೆಯೊಳಗೆ ಒಂದು ಬಂಡೆ ಇದೆ. ಅದನ್ನು ಹಸಿವಿನ ಕಲ್ಲು ಅನ್ನುತ್ತಾರೆ. ನೀರು ಇಳಿದು ಬರ ಬಂದ ವರ್ಷಗಳನ್ನೆಲ್ಲ ಅದರ ಮೇಲೆ ಕೆತ್ತಿದ್ದಾರೆ. 1616 ಅಂತ ಒಂದು ಇಸವಿ ನಾನೇ ಓದಿದೆ. "ನನ್ನನ್ನು ಕಂಡರೆ ಅತ್ತುಬಿಡು" ಅಂತ ಜರ್ಮನ್ ಭಾಷೆಯಲ್ಲಿ ಬರೆದಿದೆ. ಮೇಷ್ಟ್ರು ವಿವರಿಸುತ್ತಾ ಇದ್ದರು, ನನಗೆ ನಿನ್ನ ಮಾತೇ ಕೇಳುತ್ತಿತ್ತು. ಬರ ಬಿದ್ದಾಗ ಕಟ್ಟೆಯ ನೀರು ಇಳಿದು ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಮೇಲೆ ಕಾಣುತ್ತಿತ್ತು, ಜನ ನೋಡೋಕೆ ಹೋಗೋರು, ನಮ್ಮಂಥೋರಿಗೆ ಮಾತ್ರ ಎದೆ ಧಸಕ್ ಅನ್ನೋದು ಅಂತ ಹೇಳುತ್ತಿದ್ದೆಯಲ್ಲ. ಆ ಗುಡಿಯನ್ನು ಈಗ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ ಅಂತಲೂ ಮೇಷ್ಟ್ರಿಗೆ ಹೇಳಿದೆ. ಬಂದ ಮೇಲೆ ಒಂದು ದಿನ ನಾವಿಬ್ಬರೂ ಅಲ್ಲಿಗೆ ಹೋಗೋಣ. ಆ ಬಂಡೆಯ ಫೋಟೋ ತೋರಿಸುತ್ತೇನೆ.

ಟಿಕೆಟ್ ದುಡ್ಡಿನ ಬಗ್ಗೆ ನೀನು ಯೋಚನೆ ಮಾಡಬೇಡಪ್ಪ. ಬೇಕರಿಯಲ್ಲಿ ಶನಿವಾರದ ಬೆಳಗಿನ ಕೆಲಸ ಮಾಡಿ ಕೂಡಿಸಿದ್ದು. ಓದಿಗೆ ತೊಂದರೆ ಆಗಿಲ್ಲ.

ಈಗ ಈ ಕಾಗದ ಬರೆದ ಕಾರಣಕ್ಕೆ ಬರುತ್ತೇನೆ. ಇದು ಅವ್ವನಿಗೆ. ಅಪ್ಪ, ನೀನು ಗಟ್ಟಿಯಾಗಿ ಓದಿ ಹೇಳು.

ಅವ್ವ, ಈ ಸಲ ನೀನು ಏರ್‌ಪೋರ್ಟಿಗೆ ಬರಬೇಕು.

ಎರಡು ವರ್ಷದ ಹಿಂದೆ ನಾನು ಹೊರಟ ದಿನ ಟೆಂಪೋ ತುಂಬ ಜನ ಇದ್ದರು. ಮಾವ, ಅತ್ತೆ, ಎದುರು ಮನೆಯವರು, ಎಲ್ಲರೂ. ನೀನೊಬ್ಬಳು ಬರಲಿಲ್ಲ. ಕೆಂಪಿ ಇವತ್ತೋ ನಾಳೆಯೋ ಕರು ಹಾಕುತ್ತೆ, ಯಾರನ್ನ ನಂಬಿ ಬಿಟ್ಟು ಬರಲಿ ಅಂದೆ. ಗೇಟಿನ ಹತ್ತಿರ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದೆ. ಕೈ ಒದ್ದೆ ಇರಲಿಲ್ಲ ಅವ್ವ, ನಾನು ನೋಡಿದೆ. ಟೆಂಪೋ ನಾಲೆ ಏರಿ ತಿರುಗುವ ತನಕ ನೀನು ಅಲ್ಲೇ ಇದ್ದೆ. ಕೆಂಪಿ ಕರು ಹಾಕಿದ್ದು ಅದಾಗಿ ಆರು ದಿನಕ್ಕೆ.

ನನಗೆ ಬೇಜಾರಿಲ್ಲ. ಆದರೆ ಈ ಎರಡು ವರ್ಷ ಊರು ನೆನಪಾದಾಗಲೆಲ್ಲ ಆ ಗೇಟು ಕಣ್ಣಿಗೆ ಬರುತ್ತದೆ. ಈ ಸಲ ನಾನು ಬಾಗಿಲಿನಿಂದ ಹೊರಗೆ ಬಂದಾಗ ಮೊದಲು ನೀನು ಕಾಣಬೇಕು.

ಹಾಲಿನ ಲೆಕ್ಕ ನಾನೇ ಹಾಕಿದ್ದೇನೆ, ಕೇಳು. ನಾನು ಗುರುವಾರ ರಾತ್ರಿಯೇ ರೈಲು ಹತ್ತುತ್ತೇನೆ, ಯಾಕೆಂದರೆ ಇಲ್ಲಿ ರೈಲು ತಡವಾಗುವುದು ಮಾಮೂಲು. ಸೆಪ್ಟೆಂಬರ್ 11, ಶುಕ್ರವಾರ ಮಧ್ಯಾಹ್ನ ಫ್ರಾಂಕ್‌ಫರ್ಟಿನಿಂದ ವಿಮಾನ. ಒಂಬತ್ತು ಗಂಟೆಯ ಹಾರಾಟ. ಇಲ್ಲಿಗಿಂತ ನಿಮ್ಮ ಗಡಿಯಾರ ಮೂರೂವರೆ ಗಂಟೆ ಮುಂದೆ, ಅಲ್ವಾ? ಹಾಗಾಗಿ ಇಳಿಯುವುದು ಶನಿವಾರ ಬೆಳಗಿನ ಜಾವ ಒಂದೂವರೆಗೆ. ದಿನ ತಪ್ಪಿಸಿಕೊಳ್ಳಬೇಡಿ. ನೀವು ಹೊರಡಬೇಕಾದ್ದು ಶುಕ್ರವಾರ ರಾತ್ರಿ. ಸಂಜೆ ಹಾಲು ನೀನೇ ಕರೆದು ಡೈರಿಗೆ ಹಾಕು. ಉಂಡು ಎಂಟಕ್ಕೆ ಹೊರಟರೆ ಸಾಕು. ಪಾಸ್‌ಪೋರ್ಟಿಗೆ ಸೀಲು ಹಾಕಿಸಿ ಸಾಮಾನು ತಗೊಂಡು ಹೊರಗೆ ಬರೋಕೆ ನನಗೆ ಒಂದು ಗಂಟೆ ಬೇಕು. ಅಲ್ಲಿಂದ ನಾಲ್ಕು ಗಂಟೆ ದಾರಿ. ಅಂದರೆ ಬೆಳಗ್ಗೆ ಆರೂವರೆಗೆ ಮನೆ. ಒಂದು ಹೊತ್ತಿನ ಹಾಲೂ ತಪ್ಪುವುದಿಲ್ಲ. ಒಂದು ವೇಳೆ ತಡವಾದರೆ ಚಿಕ್ಕವ್ವ ಕರೆದು ಹಾಕುತ್ತಾರೆ, ನಾನು ಮಾತಾಡಿಯಾಗಿದೆ.

ಟೆಂಪೋ ಮಾಡಬೇಡಪ್ಪ. ಸಣ್ಣ ಕಾರು ಸಾಕು. ನೀವಿಬ್ಬರೂ ತಮ್ಮನೂ ಬನ್ನಿ, ಉಳಿದವರನ್ನು ನಾನೇ ಮನೆಮನೆಗೆ ಹೋಗಿ ನೋಡುತ್ತೇನೆ. ಹೊರದೇಶದ ವಿಮಾನ ಎಲ್ಲ ಈಗ ಟರ್ಮಿನಲ್ 2ಕ್ಕೆ ಬರುತ್ತವೆ. ಡ್ರೈವರಿಗೆ ಅದನ್ನೇ ಹೇಳಿ. ಅಲ್ಲಿ ಬಿದಿರು, ಗಿಡ ಎಲ್ಲ ಬಹಳ ಚೆನ್ನಾಗಿವೆ, ಅವ್ವನಿಗೆ ಇಷ್ಟವಾಗುತ್ತದೆ. ರಾತ್ರಿ ಚಳಿ ಇರುತ್ತದೆ, ಶಾಲು ತಗೊಂಡು ಬಾ ಅವ್ವ. ನಿನಗೆ ಅಂತ ಇಲ್ಲಿ ಒಂದು ಉಣ್ಣೆಯದು ತಗೊಂಡಿದ್ದೇನೆ, ಆದರೆ ಅದು ಪೆಟ್ಟಿಗೆಯ ತಳದಲ್ಲಿದೆ.

ಇನ್ನೊಂದು ಮಾತು. ವಾಪಸ್ ಬರುವಾಗ ಕಟ್ಟಿಕೊಡೋಕೆ ಅಂತ ಈಗಲೇ ತುಪ್ಪ ಕೂಡಿಡಬೇಡ. ಹಾಲು, ತುಪ್ಪ, ಮಾಂಸದ ಪದಾರ್ಥ ಯಾವುದನ್ನೂ ಇಲ್ಲಿ ಒಳಗೆ ಬಿಡುವುದಿಲ್ಲ. ಐದು ವಾರ ಇರುತ್ತೇನೆ, ಅಲ್ಲೇ ಬಿಸಿ ಅನ್ನಕ್ಕೆ ಹಾಕು, ಎಷ್ಟು ಹಾಕಿದರೂ ಬೇಡ ಅನ್ನುವುದಿಲ್ಲ. ರಾಗಿ ಹಿಟ್ಟು ಮಾತ್ರ ಜಾಸ್ತಿ ಬೀಸಿಸು.

ಗೌರಿ ಹಬ್ಬದ ಹೊತ್ತಿಗೆ ಮನೆಯಲ್ಲಿರುತ್ತೇನೆ. ನನಗೋಸ್ಕರ ಸುಣ್ಣ ಬಣ್ಣ ಅಂತ ಖರ್ಚು ಮಾಡಬೇಡಿ. ಗೋಡೆ ಹೇಗಿದೆಯೋ ಹಾಗೇ ಇರಲಿ.

ಅವ್ವ, ಬರ್ತೀನಿ ಅಂತ ಅಪ್ಪನ ಕೈಲಿ ಹೇಳಿಸಬೇಡ, ನೀನೇ ಫೋನಿನಲ್ಲಿ ಹೇಳು. ಶನಿವಾರ ಬೆಳಗ್ಗೆ ಕೆಂಪಿಯ ಹಾಲು ನಾನು ಕರೆಯುತ್ತೇನೆ. ನೀನು ಪಕ್ಕದಲ್ಲಿ ಸುಮ್ನೆ ಕೂತಿರು.

ನಿಮ್ಮ ಮಗಳು,
ಪುಟ್ಟಿ