ಅರವತ್ತಮೂರು

ನಾಳೆ ಹನ್ನೊಂದು ಗಂಟೆಗೆ ವಿಚಾರಣೆ. ಹಳೇ ಖಾತೆ ಪುಸ್ತಕದ ನಕಲು ಬೆಳಿಗ್ಗೆಯೇ ಮೇಜಿನ ಮೇಲಿರಬೇಕು.

"ನೋಡಪ್ಪ, ನೀಟಾಗಿರಲಿ. ಚಿತ್ತು ಕಾಟು ಬೇಡ" ಎಂದು ಹೇಳಿ ಹೆಡ್‌ಕ್ಲರ್ಕ್ ಮೇಡಂ ಮನೆಗೆ ಹೋದರು. ಶಶಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ.

ಪುಸ್ತಕ ಬಿಚ್ಚಿದರೆ ಹಾಳೆಗಳೆಲ್ಲ ಕಂದು. ಒಂದು ಕಾಲದಲ್ಲಿ ಕಪ್ಪಗಿದ್ದ ಶಾಯಿ ಈಗ ಕಾಗದದ ಬಣ್ಣಕ್ಕೇ ತಿರುಗಿತ್ತು. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಪುಟದ ಕೆಳಗೆ ಒಟ್ಟು ಮತ್ತು ಶಿಲ್ಕು. ಅಂಕಿಗಳೆಲ್ಲ ಕನ್ನಡದವು.

ಮೊದಲ ಕೆಲವು ಪುಟ ಸರಾಗವಾಗಿ ಹೋಯಿತು. ಬರೆದವನ ಕೈ ಪಳಗಿದ ಕೈ. ಆದರೆ ಅವನ ೬ ಮತ್ತು ೯ ಅಣ್ಣತಮ್ಮಂದಿರ ಹಾಗೆ. ನೀರು ಬಿದ್ದ ಜಾಗದಲ್ಲಂತೂ ಯಾವುದು ಯಾವುದೋ. ಶಶಿ ಅಂದಾಜಿನ ಮೇಲೆ ಬರೆಯುತ್ತಾ ಹೋದ. ಯಾರು ನೋಡ್ತಾರೆ, ಅಲ್ವಾ?

41ನೇ ಪುಟದಲ್ಲಿ ಸಿಕ್ಕಿಬಿದ್ದ. ಪುಸ್ತಕದಲ್ಲಿ ಖರ್ಚಿನ ಒಟ್ಟು 1,284. ಇವನು ಕೂಡಿದರೆ 1,311. ಮತ್ತೆ ಕೂಡಿದ. ಅದೇ ಬಂತು. ವ್ಯತ್ಯಾಸ 27. ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ ಬಂದರೆ ಯಾವುದೋ ಎರಡು ಅಂಕಿ ಹಿಂದುಮುಂದಾಗಿರಬಹುದು ಅಂತ ಮೇಡಂ ಒಮ್ಮೆ ಹೇಳಿದ್ದು ನೆನಪಾಯಿತು. ಸಾಲುಗಳ ಮೇಲೆ ಬೆರಳಾಡಿಸಿದ. ಹನ್ನೊಂದನೇ ಸಾಲಿನಲ್ಲಿ 63. ಅದು 36 ಆಗಿದ್ದರೆ ಲೆಕ್ಕ ಸರಿ!

ಖುಷಿಯಾಗಿ 36 ಎಂದು ಬರೆಯಲು ಪೆನ್ನು ಎತ್ತಿದ. ಬರೆಯಲಿಲ್ಲ. ಇಷ್ಟು ಸಲೀಸಾಗಿ ಸರಿಹೋಯಿತಲ್ಲ ಅನ್ನುವುದೇ ಕಿರಿಕಿರಿ ಮಾಡಿತು.

ಟ್ಯೂಬ್‌ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನು ಹಾಳೆಗೆ ಸಮನಾಗಿ, ಪಕ್ಕದಿಂದ ಹಿಡಿದ. ಶಾಯಿ ಹೋಗಿದ್ದರೂ ನಿಬ್ಬು ಒತ್ತಿದ ಗೀರು ಹೋಗಿರಲಿಲ್ಲ. ಸಣ್ಣ ನೆರಳಾಗಿ ಎದ್ದು ನಿಂತಿತು. ಮೊದಲು ೬, ಆಮೇಲೆ ೩. ಅನುಮಾನವೇ ಇಲ್ಲ.

ಅಂದರೆ ತಪ್ಪಿದ್ದು ಹಳೇ ಗುಮಾಸ್ತ. ಸಾಲಿನಲ್ಲಿ ತಪ್ಪಿದನೋ, ಒಟ್ಟಿನಲ್ಲಿ ತಪ್ಪಿದನೋ? ಆ ಪುಟ ನೋಡಿ ಹೇಳುವಂತಿರಲಿಲ್ಲ.

ಆಮೇಲೆ ಶುರುವಾಯಿತು ಪೀಕಲಾಟ. ಬರೆದು ಮುಗಿಸಿದ ಪುಟಗಳ ಮೇಲೂ ನಂಬಿಕೆ ಹೋಯಿತು. ಒಂದನೇ ಪುಟಕ್ಕೆ ವಾಪಸ್ ಹೋಗಿ ಒಂದೊಂದು ಅಂಕಿಗೂ ಟಾರ್ಚ್ ಹಿಡಿದ. ಎದ್ದು ಕಾಣುವ ೧ ಕೂಡ ಸೊನ್ನೆಯೇನೋ ಅನ್ನಿಸತೊಡಗಿತು. ಗಂಟೆ ಎರಡಾಯಿತು, ಕೆಲಸ ಒಂದಿಂಚೂ ಮುಂದೆ ಹೋಗಿರಲಿಲ್ಲ. ಎಲ್ಲವನ್ನೂ ಅನುಮಾನಿಸುವುದು, ಯಾವುದನ್ನೂ ಅನುಮಾನಿಸದೆ ಇರುವುದು, ಎರಡೂ ಸೋಮಾರಿತನವೇ. ಎರಡರಲ್ಲೂ ಆರಿಸುವ ಕಷ್ಟ ಇಲ್ಲ.

ಮುಖಕ್ಕೆ ನೀರು ಹಾಕಿಕೊಂಡು ಬಂದು ಒಂದು ಚೀಟಿ ಬರೆದಿಟ್ಟುಕೊಂಡ: ಅನುಮಾನಕ್ಕೆ ಕಾರಣ ಏನು? ಒಟ್ಟು ತಾಳೆಯಾಗಿ, ಅಕ್ಷರ ಸ್ಪಷ್ಟವಾಗಿದ್ದರೆ ಮುಂದಕ್ಕೆ. ಕಾರಣ ಇದ್ದರೆ ಅದೇ ಕೈಯ ಬೇರೆ ೬, ಬೇರೆ ೯ರ ಪಕ್ಕ ಇಟ್ಟು ನೋಡುವುದು. ಆಗಲೂ ತಿಳಿಯದಿದ್ದರೆ ಕಂಸದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಅಂಚಿನಲ್ಲಿ ಒಂದು ಸಾಲು ಟಿಪ್ಪಣಿ. ಅಷ್ಟೇ, ಮುಂದಿನ ಸಾಲು.

41ನೇ ಪುಟದಲ್ಲಿ ಇದ್ದದ್ದು ಇದ್ದ ಹಾಗೇ ಬರೆದ: ಸಾಲಿನಲ್ಲಿ 63, ಒಟ್ಟು 1,284. ಅಂಚಿನಲ್ಲಿ: "ಮೂಲದಲ್ಲಿ ಹೀಗೇ ಇದೆ. ಕೂಡಿದರೆ 1,311. ಕಿರ್ದಿ ನೋಡಬೇಕು."

ಬೆಳಿಗ್ಗೆ ಸಾಹೇಬರು ನಕಲು ತಿರುವಿ ಮುಖ ಗಂಟಿಕ್ಕಿದರು. "ಏನ್ರೀ ಇದು? ನಕಲು ಕೇಳಿದರೆ ಪ್ರಶ್ನೆಪತ್ರಿಕೆ ಕೊಟ್ಟಿದ್ದೀರಿ."

"ನಾಲ್ಕೇ ಜಾಗ ಸರ್. ಮೂರು ಕಡೆ ಓದೋಕೇ ಆಗಲ್ಲ. ಒಂದು ಕಡೆ ಓದೋಕೆ ಆಗುತ್ತೆ, ಲೆಕ್ಕ ಕೂಡಲ್ಲ."

"ಕೂಡೋ ಹಾಗೆ ಬರೆಯಬಹುದಿತ್ತಲ್ಲ?"

"ಬರೆಯಬಹುದಿತ್ತು ಸರ್. ಆದರೆ ಪುಸ್ತಕದಲ್ಲಿ ಹಾಗಿಲ್ಲ."

ಮೇಡಂ ಏನೂ ಮಾತಾಡದೆ ರೆಕಾರ್ಡ್ ರೂಮಿಗೆ ಹೋಗಿ ಆ ವರ್ಷದ ಕಿರ್ದಿ ತಂದರು. ಅದರ ಅಂಕಿಗಳೂ ಮಾಸಿದ್ದವು. ಆದರೆ ಕಿರ್ದಿಯಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆದಿದ್ದರು. ಮೇಡಂ ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದಿದರು: "ಅರವತ್ತಮೂರು ಮಾತ್ರ."

ಸಾಹೇಬರು ಕುರ್ಚಿ ಮುಂದಕ್ಕೆಳೆದುಕೊಂಡರು. ಒಟ್ಟೇ ತಪ್ಪಾದರೆ ಅಲ್ಲಿಂದ ಮುಂದಿನ ಶಿಲ್ಕೆಲ್ಲ 27 ಜಾಸ್ತಿ. ವ್ಯಾಜ್ಯ ಇದ್ದದ್ದೇ ಶಿಲ್ಕಿನ ಬಗ್ಗೆ.

"ಉಳಿದ ಮೂರು?" ಎಂದರು, ಈ ಸಲ ಸ್ವಲ್ಪ ಮೆತ್ತಗೆ.

"ಒಂದು ೬ ಇರಬಹುದು ಸರ್, ಖಾತ್ರಿ ಇಲ್ಲ. ಇನ್ನೆರಡು ಗೊತ್ತೇ ಆಗಲ್ಲ."

ಸಾಹೇಬರು ಭೂತಗನ್ನಡಿ ಇಸಕೊಂಡು ತಾವೇ ನೋಡಿದರು. "೯ ಅಲ್ವಾ ಇದು?" ಎಂದರು. ಹಾಳೆಯನ್ನು ಬೆಳಕಿಗೆ ಓರೆ ಮಾಡಿದರು. "ಹ್ಞೂಂ... ಹೇಳೋಕಾಗಲ್ಲ." ಪ್ರಶ್ನಾರ್ಥಕ ಚಿಹ್ನೆಯ ಪಕ್ಕ ತಮ್ಮ ಚಿಕ್ಕ ಸಹಿ ಹಾಕಿ, ಮುಂದಿನ ಪುಟ ತಿರುಗಿಸಿದರು.