ರೇಖೆ ಸರಿಯಿತೋ, ಬಿಂದು ಜರುಗಿತೋ?

ಭಾನುವಾರದ ಅಧ್ಯಯನ ಗುಂಪು, ಸಪ್ತಾಪುರ, ಧಾರವಾಡ
ಕೆ-ಸೆಟ್ ಅರ್ಥಶಾಸ್ತ್ರ, ಎರಡನೆಯ ಪತ್ರಿಕೆ

ಕಳೆದ ವಾರದ ಅಣಕು ಪರೀಕ್ಷೆಯ ಏಳನೆಯ ಪ್ರಶ್ನೆ ನೆನಪಿದೆಯಲ್ಲ? ಬರೆದವರು 14 ಜನ, ತಪ್ಪು ಮಾಡಿದವರು 9 ಜನ. ಆ ಒಂಬತ್ತರಲ್ಲಿ ನಾನೂ ಇದ್ದೆ, ಅದಕ್ಕೇ ಈ ಟಿಪ್ಪಣಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಪ್ರಶ್ನೆ ಹೀಗಿತ್ತು:

ಇತರ ಅಂಶಗಳು ಸ್ಥಿರವಾಗಿದ್ದು ಟೊಮೆಟೊ ಬೆಲೆ ಏರಿದರೆ ಆಗುವುದು:
(ಅ) ಟೊಮೆಟೊ ಬೇಡಿಕೆಯಲ್ಲಿ ಇಳಿಕೆ
(ಆ) ಟೊಮೆಟೊ ಬೇಡಿಕೆಯ ಪ್ರಮಾಣದಲ್ಲಿ ಇಳಿಕೆ
(ಇ) ಬೇಡಿಕೆ ರೇಖೆ ಎಡಕ್ಕೆ ಪಲ್ಲಟಗೊಳ್ಳುವುದು
(ಈ) ಅ ಮತ್ತು ಇ ಎರಡೂ

ಸರಿಯುತ್ತರ (ಆ). ನಮ್ಮಲ್ಲಿ ಹೆಚ್ಚಿನವರು (ಅ) ಗುರುತು ಮಾಡಿದ್ದೆವು. ಅರ್ಥಶಾಸ್ತ್ರ ಬಾರದ್ದಕ್ಕಲ್ಲ, ಕನ್ನಡ ಚೆನ್ನಾಗಿ ಬಂದದ್ದಕ್ಕೆ ಬಿದ್ದ ಪೆಟ್ಟು ಇದು. ಸಂತೆಯಲ್ಲಿ ‘ತುಟ್ಟಿಯಾಯಿತು, ಬೇಡಿಕೆ ಇಲ್ಲ’ ಎನ್ನುತ್ತೇವೆ. ‘ಬೆಲೆ ಏರಿಕೆ: ಕುಸಿದ ಬೇಡಿಕೆ’ ಎಂದು ಪತ್ರಿಕೆಯಲ್ಲಿ ಓದಿದರೂ ಯಾರಿಗೂ ತಪ್ಪೆನಿಸುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ‘ಬೇಡಿಕೆ’ ಎಂದರೆ ಇಡೀ ರೇಖೆ, ‘ಬೇಡಿಕೆಯ ಪ್ರಮಾಣ’ ಎಂದರೆ ಆ ರೇಖೆಯ ಮೇಲಿನ ಒಂದು ಬಿಂದು. ಪ್ರಶ್ನೆ ಮಾಡುವವರು ಬಲೆ ಹರಡುವುದು ‘ಪ್ರಮಾಣ’ ಎಂಬ ಆ ಒಂದು ಪದದ ಸುತ್ತ. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಆ ಪದ ಎಲ್ಲೆಲ್ಲಿದೆ, ಎಲ್ಲೆಲ್ಲಿ ಇಲ್ಲ ಎಂದು ಪೆನ್ಸಿಲ್‌ನಿಂದ ಗೆರೆ ಎಳೆದುಕೊಳ್ಳಿ.

ಇನ್ನೂ ಒಂದು ಸುಳಿವು ಆ ಪ್ರಶ್ನೆಯಲ್ಲೇ ಇತ್ತು. (ಅ) ಮತ್ತು (ಇ) ಹೇಳುವುದು ಒಂದೇ ಮಾತನ್ನು. ಅವೆರಡರಲ್ಲಿ ಒಂದು ಸರಿಯಾದರೆ ಇನ್ನೊಂದೂ ಸರಿ, ಆಗ ಉತ್ತರ (ಈ) ಆಗಬೇಕು. ಅಂದರೆ ಸ್ಪರ್ಧೆ ನಿಜವಾಗಿ ಇದ್ದದ್ದು (ಆ) ಮತ್ತು (ಈ) ನಡುವೆ ಮಾತ್ರ. ನಾವು ಒಂಬತ್ತು ಜನ ಆ ಕಣದಲ್ಲೇ ಇಲ್ಲದ ಉತ್ತರವನ್ನು ಆರಿಸಿ ಬಂದಿದ್ದೆವು.

ಮೊದಲು ಅಕ್ಷ ನೋಡಿ

ಚಿತ್ರದ ಎರಡು ಅಕ್ಷಗಳ ಮೇಲೆ ಏನು ಬರೆದಿದೆ? ಬದಲಾದ ಅಂಶ ಅಕ್ಷದ ಮೇಲೆ ಇದ್ದರೆ ರೇಖೆಗುಂಟ ಚಲನೆ. ಅಕ್ಷದ ಮೇಲೆ ಇಲ್ಲದ ಅಂಶ ಬದಲಾಗಿ, ಅದು ಆ ರೇಖೆಗೆ ಸಂಬಂಧಿಸಿದ್ದಾಗಿದ್ದರೆ ಪಲ್ಲಟ. ‘ಬೆಲೆ ಬದಲಾದರೆ ಚಲನೆ, ಉಳಿದದ್ದೆಲ್ಲ ಪಲ್ಲಟ’ ಎಂದು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಬೇಡಿಕೆ, ಪೂರೈಕೆ ರೇಖೆಗಳಿಗೆ ಸಾಕು. ಕೆ-ಸೆಟ್‌ನಲ್ಲಿ ಅದು ಕೈಕೊಡುತ್ತದೆ.

ಏಂಗೆಲ್ ರೇಖೆಯನ್ನೇ ನೋಡಿ. ಅಲ್ಲಿ ಒಂದು ಅಕ್ಷ ವರಮಾನ, ಇನ್ನೊಂದು ಅಕ್ಷ ಕೊಳ್ಳುವ ಪ್ರಮಾಣ. ವರಮಾನ ಏರಿದರೆ ಬೇಡಿಕೆ ರೇಖೆ ಪಲ್ಲಟಗೊಳ್ಳುತ್ತದೆ, ಆದರೆ ಏಂಗೆಲ್ ರೇಖೆಯ ಮೇಲೆ ಅದೇ ಏರಿಕೆ ಬರಿಯ ಚಲನೆ. ಬೆಲೆ ಬದಲಾದರೆ ಎಲ್ಲ ತಲೆಕೆಳಗು: ಬೇಡಿಕೆ ರೇಖೆಯ ಮೇಲೆ ಚಲನೆ, ಏಂಗೆಲ್ ರೇಖೆಗೆ ಪಲ್ಲಟ. ಹಣದ ಬೇಡಿಕೆ ರೇಖೆಯಲ್ಲಿ ಅಕ್ಷದ ಮೇಲಿರುವುದು ಬಡ್ಡಿದರ. ಬಡ್ಡಿ ಇಳಿದರೆ ರೇಖೆಗುಂಟ ಕೆಳಗೆ ಜಾರುತ್ತೇವೆ, ವರಮಾನ ಏರಿದರೆ ರೇಖೆಯೇ ಬಲಕ್ಕೆ ಹೋಗುತ್ತದೆ. ಅಲ್ಪಾವಧಿಯ ಫಿಲಿಪ್ಸ್ ರೇಖೆಯಲ್ಲಿ ನಿರುದ್ಯೋಗ ಇಳಿದು ಹಣದುಬ್ಬರ ಏರುವುದು ಚಲನೆ, ಜನರ ಹಣದುಬ್ಬರದ ನಿರೀಕ್ಷೆಯೇ ಏರಿದರೆ ರೇಖೆ ಮೇಲಕ್ಕೆ ಪಲ್ಲಟ.

ಉತ್ಪಾದನಾ ಸಾಧ್ಯತಾ ರೇಖೆಗೆ ಮೂರನೆಯ ಉತ್ತರವೂ ಉಂಟು. ಮುಚ್ಚಿದ್ದ ಕಾರ್ಖಾನೆಗಳು ತೆರೆದು ನಿರುದ್ಯೋಗಿಗಳಿಗೆ ಕೆಲಸ ಸಿಕ್ಕರೆ ಅದು ಪಲ್ಲಟವೂ ಅಲ್ಲ, ರೇಖೆಗುಂಟ ಚಲನೆಯೂ ಅಲ್ಲ. ಒಳಗಿದ್ದ ಬಿಂದು ರೇಖೆಯ ಕಡೆಗೆ ಸರಿದದ್ದು, ಅಷ್ಟೇ. ತಂತ್ರಜ್ಞಾನ ಸುಧಾರಿಸಿದರೆ, ಸಂಪನ್ಮೂಲ ಹೆಚ್ಚಿದರೆ ಮಾತ್ರ ರೇಖೆ ಹೊರಕ್ಕೆ ಹೋಗುತ್ತದೆ.

ಒಂದು ಘಟನೆ, ಎರಡು ಚಿತ್ರ

ನಾವು ಹೆಚ್ಚು ಎಡವುವುದು ಇಲ್ಲಿ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದ್ದನ್ನು ಯಾರೂ ಮರೆತಿಲ್ಲ. ಬೆಳೆ ಕೈಕೊಟ್ಟು ಕೋಲಾರದಂಥ ದೊಡ್ಡ ಮಾರುಕಟ್ಟೆಗೂ ಮಾಲು ಕಡಿಮೆ ಬಂತು. ಹಂತ ಹಂತವಾಗಿ ಬಿಡಿಸೋಣ. ಬೆಳೆ ಹಾನಿ ಅಕ್ಷದ ಮೇಲಿಲ್ಲ, ಅದು ಬೆಳೆಯುವವರ ಸಮಸ್ಯೆ: ಪೂರೈಕೆ ರೇಖೆ ಎಡಕ್ಕೆ ಪಲ್ಲಟ. ಅದರಿಂದ ಬೆಲೆ ಏರಿತು. ಏರಿದ ಬೆಲೆಗೆ ನಾವು ಎರಡು ಕಿಲೋ ಬದಲು ಕಾಲು ಕಿಲೋ ತಂದೆವು: ಬೇಡಿಕೆ ರೇಖೆಗುಂಟ ಮೇಲಕ್ಕೆ ಚಲನೆ, ಪಠ್ಯದ ಮಾತಿನಲ್ಲಿ ಬೇಡಿಕೆಯ ಸಂಕುಚನ. ಬೇಡಿಕೆ ರೇಖೆ ನಿಂತಲ್ಲೇ ನಿಂತಿದೆ. ನಮ್ಮ ನಾಲಿಗೆಗೆ ಟೊಮೆಟೊ ಬೇಸರವಾಗಿರಲಿಲ್ಲ, ಜೇಬಿಗೆ ಭಾರವಾಗಿತ್ತು.

ಈಗ ಅಡುಗೆಮನೆಗೆ ಬನ್ನಿ. ಸಾರಿಗೆ ಹುಳಿ ಬೇಕೇ ಬೇಕು. ಟೊಮೆಟೊ ಬಿಟ್ಟು ಹುಣಸೆಹಣ್ಣು ಹೆಚ್ಚು ಹಾಕಿದೆವು. ಹುಣಸೆಯ ಚಿತ್ರದಲ್ಲಿ ಅಕ್ಷದ ಮೇಲಿರುವುದು ಹುಣಸೆಯ ಬೆಲೆ, ಟೊಮೆಟೊ ಬೆಲೆಯಲ್ಲ. ಹಾಗಾಗಿ ಹುಣಸೆಯ ಬೇಡಿಕೆ ರೇಖೆ ಬಲಕ್ಕೆ ಪಲ್ಲಟ. ಕಾರಣ ಒಂದೇ, ಟೊಮೆಟೊ ಬೆಲೆ ಏರಿದ್ದು. ಒಂದು ಚಿತ್ರದಲ್ಲಿ ಅದು ಚಲನೆ, ಇನ್ನೊಂದರಲ್ಲಿ ಪಲ್ಲಟ. ಪ್ರಶ್ನೆಯಲ್ಲಿ ‘ಬೆಲೆ’ ಎಂದು ಕಂಡೊಡನೆ ‘ಚಲನೆ’ ಎಂದು ಗುರುತು ಹಾಕಬೇಡಿ. ಯಾವ ಸರಕಿನ ಬೆಲೆ, ಕೇಳಿದ್ದು ಯಾವ ಸರಕಿನ ರೇಖೆ ಎಂದು ಬೆರಳಿಟ್ಟು ನೋಡಿ.

ಶಕ್ತಿ ಯೋಜನೆಯೂ ಇದೇ ಬಗೆಯ ಉದಾಹರಣೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಟಿಕೆಟ್ ದರ ಸೊನ್ನೆ. ಮಹಿಳೆಯರ ಬಸ್ ಪ್ರಯಾಣದ ಬೇಡಿಕೆ ರೇಖೆಗುಂಟ ನಾವು ಕೆಳಗಿಳಿದು, ರೇಖೆ ಪ್ರಮಾಣದ ಅಕ್ಷವನ್ನು ಮುಟ್ಟುವ ಬಿಂದುವಿಗೆ ಬರುತ್ತೇವೆ. ಬಸ್ಸು ಎಷ್ಟೇ ತುಂಬಿ ತುಳುಕಲಿ, ಅದು ಪಲ್ಲಟವಲ್ಲ. ಪಲ್ಲಟ ನಡೆಯುವುದು ಬಸ್ಸಿಗೆ ಬದಲಿಯಾದ ಆಟೊರಿಕ್ಷಾದ ಚಿತ್ರದಲ್ಲಿ, ಎಡಕ್ಕೆ.

ಸಮೀಕರಣ ಕೊಟ್ಟರೆ

Qd = 100 − 2P + 0.5Y

ಇಲ್ಲಿ P ಬೆಲೆ, Y ವರಮಾನ. Y = 40 ಆದಾಗ ರೇಖೆ Qd = 120 − 2P. ಬೆಲೆ 10 ಇದ್ದಾಗ ಪ್ರಮಾಣ 100, ಬೆಲೆ 15ಕ್ಕೆ ಏರಿದರೆ 90. ಇದು ಚಲನೆ, ಸಮೀಕರಣದ 120 ಹಾಗೆಯೇ ಉಳಿದಿದೆ. ಈಗ ವರಮಾನ 60 ಆಯಿತೆನ್ನಿ. ರೇಖೆ Qd = 130 − 2P ಆಗುತ್ತದೆ, ಹಳೆಯ ಬೆಲೆ 10ಕ್ಕೇ ಪ್ರಮಾಣ 110. ಮೊದಲ ಸಂಖ್ಯೆ ಬದಲಾಯಿತು, ಅದೇ ಪಲ್ಲಟ.

ಬೆಲೆ 15 ಮತ್ತು ವರಮಾನ 60 ಎರಡೂ ಒಟ್ಟಿಗೆ ಆದರೆ? 130 − 30 = 100. ಪ್ರಮಾಣ ಮೊದಲಿದ್ದಷ್ಟೇ ಇದೆ. ‘ಪ್ರಮಾಣ ಬದಲಾಗಿಲ್ಲ, ಆದ್ದರಿಂದ ರೇಖೆ ಪಲ್ಲಟಗೊಂಡಿಲ್ಲ’ ಎಂಬ ಆಯ್ಕೆ ಬಂದರೆ ಮೋಸಹೋಗಬೇಡಿ. ಪಲ್ಲಟವೂ ಆಗಿದೆ, ಚಲನೆಯೂ ಆಗಿದೆ, ಒಂದನ್ನೊಂದು ಅಳಿಸಿಹಾಕಿವೆ. ಪಲ್ಲಟವನ್ನು ಅಳೆಯಬೇಕಾದದ್ದು ಬೆಲೆಯನ್ನು ಹಿಡಿದಿಟ್ಟು: ಅದೇ ಬೆಲೆಗೆ ಜನ ಹೆಚ್ಚು ಕೊಳ್ಳುತ್ತಾರೋ, ಕಡಿಮೆಯೋ?

ಪೂರೈಕೆಯ ಬಗ್ಗೆ ಒಂದೇ ಮಾತು: ಮೇಲೆ, ಕೆಳಗೆ ಎಂದು ಯೋಚಿಸಬೇಡಿ, ಎಡ ಬಲ ಎಂದೇ ಯೋಚಿಸಿ. ಪೂರೈಕೆ ಹೆಚ್ಚಿದರೆ ರೇಖೆ ಬಲಕ್ಕೆ ಹೋಗುತ್ತದೆ, ಕಣ್ಣಿಗೆ ಮಾತ್ರ ಕೆಳಗಿಳಿದಂತೆ ಕಾಣುತ್ತದೆ.

ಅಭ್ಯಾಸ

ಕೆ-ಸೆಟ್‌ನಲ್ಲಿ ಎರಡೂ ಪತ್ರಿಕೆ ಸೇರಿ 150 ಪ್ರಶ್ನೆಗೆ ಮೂರು ಗಂಟೆ, ಅಂದರೆ ಪ್ರಶ್ನೆಗೆ 72 ಸೆಕೆಂಡು. ಇವುಗಳಿಗೂ ಅಷ್ಟೇ ಹೊತ್ತು ಕೊಡಿ. ಕೆಳಗಿನ ಉತ್ತರಗಳನ್ನು ಕೈಯಿಂದ ಮುಚ್ಚಿಕೊಳ್ಳಿ.

1. ಮುಂದಿನ ವಾರ ಈರುಳ್ಳಿ ಬೆಲೆ ಏರಲಿದೆ ಎಂಬ ಸುದ್ದಿ ಹಬ್ಬಿತು. ಇಂದಿನ ಈರುಳ್ಳಿ ಮಾರುಕಟ್ಟೆಯಲ್ಲಿ: (ಅ) ಬೇಡಿಕೆ ರೇಖೆಗುಂಟ ಮೇಲಕ್ಕೆ ಚಲನೆ ಮಾತ್ರ (ಆ) ಬೇಡಿಕೆ ರೇಖೆ ಬಲಕ್ಕೆ, ಪೂರೈಕೆ ರೇಖೆ ಎಡಕ್ಕೆ (ಇ) ಎರಡೂ ಬಲಕ್ಕೆ (ಈ) ಯಾವ ಬದಲಾವಣೆಯೂ ಇಲ್ಲ

2. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆಯನ್ನು ಮಾರುವವರು ಕಟ್ಟುತ್ತಾರೆಂದು ಇಟ್ಟುಕೊಂಡರೆ ಬೈಕ್ ಮಾರುಕಟ್ಟೆಯಲ್ಲಿ: (ಅ) ಬೇಡಿಕೆ ರೇಖೆ ಬಲಕ್ಕೆ (ಆ) ಪೂರೈಕೆ ರೇಖೆ ಬಲಕ್ಕೆ, ಬೇಡಿಕೆ ರೇಖೆಗುಂಟ ಕೆಳಕ್ಕೆ ಚಲನೆ (ಇ) ಪೂರೈಕೆ ರೇಖೆಗುಂಟ ಚಲನೆ ಮಾತ್ರ (ಈ) ಎರಡೂ ರೇಖೆ ಎಡಕ್ಕೆ

3. ಹೇಳಿಕೆ: ಮಳೆಗೆ ಬೆಳೆ ಹಾಳಾಗಿ ಟೊಮೆಟೊ ತುಟ್ಟಿಯಾದಾಗ ಜನ ಕಡಿಮೆ ಕೊಳ್ಳುತ್ತಾರೆ. ಕಾರಣ: ಟೊಮೆಟೊ ಬೇಡಿಕೆ ರೇಖೆ ಎಡಕ್ಕೆ ಪಲ್ಲಟಗೊಳ್ಳುತ್ತದೆ. (ಅ) ಎರಡೂ ಸರಿ, ಕಾರಣ ಸರಿಯಾದ ವಿವರಣೆ (ಆ) ಎರಡೂ ಸರಿ, ಕಾರಣ ವಿವರಣೆಯಲ್ಲ (ಇ) ಹೇಳಿಕೆ ಸರಿ, ಕಾರಣ ತಪ್ಪು (ಈ) ಹೇಳಿಕೆ ತಪ್ಪು, ಕಾರಣ ಸರಿ

4. ಗ್ರಾಹಕರ ವರಮಾನ ಏರಿದಾಗ ಒಂದು ಸರಕಿನ ಬೇಡಿಕೆ ರೇಖೆ ಎಡಕ್ಕೆ ಪಲ್ಲಟಗೊಂಡರೆ ಅದು: (ಅ) ಸಾಮಾನ್ಯ ಸರಕು (ಆ) ಕೆಳದರ್ಜೆಯ ಸರಕು (ಇ) ಪೂರಕ ಸರಕು (ಈ) ಉಚಿತ ಸರಕು

ಉತ್ತರಗಳು

1 – ಆ. ನಾಳಿನ ಬೆಲೆ ಇಂದಿನ ಚಿತ್ರದ ಅಕ್ಷದ ಮೇಲಿಲ್ಲ. ಕೊಳ್ಳುವವರು ಇಂದೇ ಚೀಲ ತುಂಬಿಕೊಳ್ಳುತ್ತಾರೆ, ದಾಸ್ತಾನು ಇದ್ದವರು ಮಾರದೆ ಕಾಯುತ್ತಾರೆ. ಇಂದಿನ ಬೆಲೆ ಏರುವುದು ಖಂಡಿತ. ಪ್ರಮಾಣ ಏರುತ್ತದೋ ಇಳಿಯುತ್ತದೋ ಎಂಬುದನ್ನು ಯಾವ ಪಲ್ಲಟ ದೊಡ್ಡದು ಎಂದು ತಿಳಿಯದೆ ಹೇಳಲಾಗದು.

2 – ಆ. ತೆರಿಗೆ ಮಾರುವವರ ವೆಚ್ಚದ ಭಾಗ, ಅಕ್ಷದ ಮೇಲಿನ ಬೆಲೆಯಲ್ಲ. (ಅ) ಎಂದವರು ಶೋರೂಮಿನ ಮುಂದಿನ ಸಾಲು ನೋಡಿ ಉತ್ತರಿಸಿದ್ದಾರೆ. ಪೆಟ್ರೋಲಿನ ಬೇಡಿಕೆಯ ಬಗ್ಗೆ ಕೇಳಿದ್ದರೆ ಬಲಕ್ಕೆ ಪಲ್ಲಟ ಎನ್ನಬಹುದಿತ್ತು, ಅದು ಬೈಕಿಗೆ ಪೂರಕ ಸರಕು.

3 – ಇ. ಪಲ್ಲಟಗೊಂಡದ್ದು ಪೂರೈಕೆ ರೇಖೆ. ಹೇಳಿಕೆ ಮತ್ತು ಕಾರಣದ ಪ್ರಶ್ನೆಗಳಲ್ಲಿ ಈ ಮೋಸ ಹೆಚ್ಚು, ಏಕೆಂದರೆ ಕಾರಣ ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ.

4 – ಆ. ಸುಲಭದ್ದು, ಉಸಿರಾಡಲೆಂದು ಇಟ್ಟದ್ದು.

ಮುಂದಿನ ಭಾನುವಾರ ಬೆಳಿಗ್ಗೆ 9ಕ್ಕೆ. ಪ್ರತಿಯೊಬ್ಬರೂ ಇಂಥ ಒಂದು ಪ್ರಶ್ನೆಯನ್ನು ನಾಲ್ಕು ಆಯ್ಕೆಗಳೊಂದಿಗೆ ನೀವೇ ಬರೆದು ತನ್ನಿ. ಹಳೆಯ ಪ್ರಶ್ನೆಪತ್ರಿಕೆಯಿಂದ ನಕಲು ಮಾಡುವಂತಿಲ್ಲ. ಗ್ರಾಫ್ ಹಾಳೆ ನಾನು ತರುತ್ತೇನೆ, ಪೆನ್ಸಿಲ್ ಮತ್ತು ರಬ್ಬರ್ ನಿಮ್ಮದು.