ರಜಾ ಅವಧಿಯ ರೋಗಿಗಳ ಹಸ್ತಾಂತರ ಟಿಪ್ಪಣಿ

ಆಹಾರ ವಿಭಾಗ, ಕೋಲಾರ
ರಜೆಯ ಅವಧಿ: ಜೂನ್ 9ರಿಂದ 16ರವರೆಗೆ

ಮಾನ್ಯ ಮೇಡಂ,

ಅಪಾಯ ಹೆಚ್ಚಿರುವವರನ್ನು ಮೊದಲು ಬರೆದಿದ್ದೇನೆ. ದಯವಿಟ್ಟು ಇದೇ ಕ್ರಮದಲ್ಲಿ ನೋಡಿ.

ಪುರುಷರ ವಾರ್ಡ್, ಹಾಸಿಗೆ 14. ಅನ್ನನಾಳ ಕಿರಿದಾಗಿರುವ 46 ವರ್ಷದ ಇವರು 12 ದಿನ ಹೆಚ್ಚೂಕಡಿಮೆ ಏನನ್ನೂ ತಿಂದಿರಲಿಲ್ಲ. ತೂಕ 38 ಕೆಜಿ, ಬಿಎಂಐ 14.5. ರೀಫೀಡಿಂಗ್ ಸಿಂಡ್ರೋಮ್ ಆಗುವ ಸಂಭವ ಬಹಳ ಇರುವುದರಿಂದ, ಥಯಾಮಿನ್ ಕೊಡಿಸಿದ ಮೇಲೆಯೇ ನಿನ್ನೆ ರೈಲ್ಸ್ ಟ್ಯೂಬ್ ಮೂಲಕ ದಿನಕ್ಕೆ 380 ಕಿಲೋಕ್ಯಾಲರಿ, ಅಂದರೆ ಪ್ರತಿ ಕೆಜಿಗೆ 10ರಂತೆ, ಆರಂಭಿಸಿದೆ. ಇಂದು ಬೆಳಗಿನ ವರದಿಯಲ್ಲಿ ಫಾಸ್ಫೇಟ್ 2.1, ಪೊಟ್ಯಾಶಿಯಂ 3.3 ಇದ್ದು, ಎರಡನ್ನೂ ಸರಿಪಡಿಸಲು ವೈದ್ಯರು ಔಷಧ ಬರೆದಿದ್ದಾರೆ. ಮೆಗ್ನೀಶಿಯಂ ವರದಿ ಸಂಜೆ ಬರಬೇಕಿದೆ. ಈ ಮೂರೂ ಪ್ರತಿದಿನ ಪರೀಕ್ಷೆಯಾಗುವಂತೆ ನೋಡಿಕೊಳ್ಳಿ. ಅವು ಸರಿಯಾಗುವವರೆಗೆ, ಯಾರು ಎಷ್ಟೇ ಒತ್ತಾಯಿಸಿದರೂ, ಆಹಾರದ ಪ್ರಮಾಣ ಹೆಚ್ಚಿಸಬೇಡಿ. ಉಸಿರಾಟದ ತೊಂದರೆ, ಊತ, ಎದೆಬಡಿತದ ಏರುಪೇರು ಅಥವಾ ಮಂಕು ಕಂಡರೆ ವರದಿಗಾಗಿ ಕಾಯದೆ ಡ್ಯೂಟಿ ಡಾಕ್ಟರಿಗೆ ತಿಳಿಸಿ.

ಇವರ ಹೆಂಡತಿ ಮನೆಯಿಂದ ಬೆಲ್ಲ ಹಾಕಿದ ರಾಗಿ ಗಂಜಿ ತಂದು ಟ್ಯೂಬಿಗೆ ಹಾಕಲು ಒಮ್ಮೆ ಪ್ರಯತ್ನಿಸಿದ್ದಾರೆ. ಗಂಡ ಕಣ್ಣೆದುರೇ ಕರಗುತ್ತಿರುವಾಗ ಆ ತಾಯಿಗೆ ಹಾಗನ್ನಿಸುವುದು ಸಹಜ. ಗದರಿಸದೆ, ಏಕಾಏಕಿ ಹೆಚ್ಚು ಆಹಾರ ಹೋದರೆ ಹೃದಯಕ್ಕೇ ಅಪಾಯವೆಂದು, ಗಂಜಿ ಆರಿದಾಗ ಗಟ್ಟಿಯಾಗಿ ಟ್ಯೂಬ್ ಕಟ್ಟಿಕೊಳ್ಳುತ್ತದೆಂದು ದಿನಕ್ಕೊಮ್ಮೆ ಹೇಳಿ. ಅವರಿಗೆ ತೆಲುಗಿನಲ್ಲಿ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ.

ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ಶ್ರೀನಿವಾಸಪುರ ಕಡೆಯ 58 ವರ್ಷದ ಮಹಿಳೆ, ಸಕ್ಕರೆ ಕಾಯಿಲೆಯೂ ಇದೆ. ಕಳೆದ ಡಯಾಲಿಸಿಸ್‌ಗೆ ಮುಂಚೆ ಪೊಟ್ಯಾಶಿಯಂ 6.1 ಇತ್ತು. ಸೊಪ್ಪು, ತರಕಾರಿ ಬೇಯಿಸಿ ನೀರು ಬಸಿಯಲು ನಾನು ಹೇಳಿದ್ದನ್ನು ಅವರು ತಪ್ಪದೆ ಪಾಲಿಸಿದ್ದರು, ಆದರೆ ಬಸಿದ ನೀರಿನಲ್ಲೇ ಬಸ್ಸಾರು ಮಾಡುತ್ತಿದ್ದರು. ನೀರನ್ನು ಚೆಲ್ಲಬೇಕೆಂದು ನಾನು ಬಿಡಿಸಿ ಹೇಳದೇ ಹೋದದ್ದು ನನ್ನ ಲೋಪ. ಅಡುಗೆ ಮಾಡುವ ಸೊಸೆ ಮಂಗಳವಾರ ಬರುತ್ತಾರೆ. ಅವರೊಡನೆ ಕೂತು ಇದನ್ನೂ, ಎಳನೀರು ಮತ್ತು ಈಗಿನ ಮಾವಿನ ಹಣ್ಣಿನ ವಿಷಯವನ್ನೂ ಮಾತಾಡುವುದು ಬಾಕಿ ಇದೆ. ಸಕ್ಕರೆ ಅಂಶ ಕುಸಿದರೆ ಹಣ್ಣಿನ ರಸ ಬೇಡ, ಗ್ಲೂಕೋಸ್ ಪುಡಿಯನ್ನೇ ಕೊಡಬೇಕು. ಪ್ರೋಟೀನ್ ಮಾತ್ರ ಕಡಿತಗೊಳಿಸಬೇಡಿ; ಮೊಟ್ಟೆಯ ಬಿಳಿಭಾಗ ಮುಂದುವರಿಯಲಿ.

ಹಾಸಿಗೆ 22. ಪಾರ್ಶ್ವವಾಯುವಾದ ಹಿರಿಯರು. ನುಂಗುವ ಪರೀಕ್ಷೆ ಜೂನ್ 10ಕ್ಕೆ ನಿಗದಿಯಾಗಿದೆ. ಅಲ್ಲಿಯವರೆಗೆ ಬಾಯಿಗೆ ನೀರೂ ಬೇಡ. ಟ್ಯೂಬಿನಲ್ಲಿ ಕೊಡುವಾಗ ತಲೆಯ ಭಾಗ ಕನಿಷ್ಠ 30 ಡಿಗ್ರಿ ಎತ್ತಿರಲಿ.

ಉಳಿದ ಐವರು ಸ್ಥಿರವಾಗಿದ್ದಾರೆ, ವಿವರ ಕೇಸ್ ಶೀಟಿನಲ್ಲಿದೆ. ಹಾಸಿಗೆ 14ರ ಮೆಗ್ನೀಶಿಯಂ ವರದಿಯನ್ನು ಹೊರಡುವ ಮುನ್ನ ನಾನೇ ನೋಡಿ, ಫೋನಿನಲ್ಲಿ ತಿಳಿಸುತ್ತೇನೆ.

ಇಂತಿ,
ಆಹಾರ ತಜ್ಞೆ
ಜೂನ್ 8